ಬಿಟ್ಟದ್ದರ ಪಟ್ಟಿಯ ಒಂಬತ್ತನೆಯ ಸಾಲು

ಅವತ್ತು ಬೆಳಿಗ್ಗೆಯೂ ಎಂದಿನಂತೆ ಎರಡು ರೊಟ್ಟಿ ಹೆಚ್ಚಿಗೆ ಬಡಿದೆ. ಬಾಗಿಲಿಗೆ ನೀರು ಹಾಕಿ, ಹಾಲು ಕಾಸಿ, ಸುಸಲಾಕ್ಕೆ ಚುರುಮುರಿ ನೆನೆಸಿಟ್ಟು, ಆಮೇಲೆ ಹಂಚಿನ ಮುಂದೆ ನಿಂತದ್ದು. ಯಜಮಾನರಿಗೆ ಮೂರು, ನನಗೆ ಎರಡು, ಮತ್ತೆ ಆಫೀಸಿನ ಆಕೆಗೆ ಎರಡು. "ಆ ಹುಡುಗಿ ಡಬ್ಬಿಯೊಳಗ ಬರೇ ಒಂದ ಚಪಾತಿ ತರ್ತೈತಿ, ಅದರಾಗ ಏನ್ ಹೊಟ್ಟಿ ತುಂಬತೈತಿ?" ಎಂದು ಅವರು ಎರಡು ವರ್ಷದ ಹಿಂದೆ ಒಮ್ಮೆ ಹೇಳಿದ್ದರು. ಅಂದಿನಿಂದ ಬಡಿಯುತ್ತಲೇ ಇದ್ದೆ. ಆಕೆಯ ಎರಡನ್ನು ಮಾತ್ರ ಕೊನೆಗೆ, ಒಲೆ ಸಣ್ಣ ಮಾಡಿದ ಮೇಲೆ ಬೇಯಿಸುತ್ತಿದ್ದೆ. ಅವು ಸ್ವಲ್ಪ ಬಿರುಸಾಗುತ್ತಿದ್ದವು. ಮನೆಯಲ್ಲಿ ಇದನ್ನು ಯಾರೂ ಗಮನಿಸಿರಲಿಲ್ಲ.

ಒಂಬತ್ತೂ ಕಾಲಿಗೆ ಆಕೆಯ ಸ್ಕೂಟಿ ಗೇಟಿನ ಹತ್ತಿರ ನಿಂತಿತು. ಚಪ್ಪಲಿಯನ್ನು ನನ್ನ ಚಪ್ಪಲಿಯ ಪಕ್ಕದಲ್ಲೇ, ಅಷ್ಟೇ ನೀಟಾಗಿ ಜೋಡಿಸಿಟ್ಟು, "ಗುಡ್ ಮಾರ್ನಿಂಗ್ ಮೇಡಂ" ಎಂದು ಮುಂದಿನ ಕೋಣೆಗೆ ಹೋದಳು. ಗುಳೇದಗುಡ್ಡದ ಖಣದ ಬಟ್ಟೆಯಲ್ಲಿ ಆಕೆಯ ತಾಯಿ ಹೊಲಿದುಕೊಟ್ಟ ಲ್ಯಾಪ್‌ಟಾಪ್ ಚೀಲ ಭುಜದಲ್ಲಿತ್ತು. ಆ ಚೀಲ ಚೆಂದವಿತ್ತು. ಅದೂ ನನಗೆ ಸಹಿಸುತ್ತಿರಲಿಲ್ಲ.

ವಿದ್ಯಾಗಿರಿಯ ನಮ್ಮ ಮನೆಯ ಮುಂದಿನ ಕೋಣೆಯೇ ಯಜಮಾನರ ಆಫೀಸು. ಕಟ್ಟಡಗಳಿಗೆ ಎಷ್ಟು ಖರ್ಚಾದೀತು ಎಂದು ಮುಂಚೆಯೇ ಲೆಕ್ಕ ಹಾಕಿಕೊಡುವುದು ಅವರ ವೃತ್ತಿ. ಆಕೆ ಅವರ ಸಹಾಯಕ ಇಂಜಿನಿಯರ್. ಆಕೆ ಬರುವುದಕ್ಕೆ ಮುಂಚೆ ಹದಿನಾರು ವರ್ಷ ಅವರು ಬರೆದದ್ದನ್ನೆಲ್ಲ ತಿದ್ದುತ್ತಿದ್ದವಳು ನಾನು. ಅವರು ಕನ್ನಡ ಸಾಲೆಯಲ್ಲಿ ಕಲಿತವರು, ಲೆಕ್ಕದಲ್ಲಿ ಹುಲಿ, ಇಂಗ್ಲಿಷ್ ವಾಕ್ಯ ಮಾತ್ರ ಕೈಗೆ ಹತ್ತುತ್ತಿರಲಿಲ್ಲ. ನಾನು ಕಾನ್ವೆಂಟಿನಲ್ಲಿ ಓದಿದವಳು. ಒಂದು ವಾಕ್ಯ ಒಂದೇ ಮಾತು ಹೇಳಬೇಕು ಎಂದು ನಮ್ಮ ಸಿಸ್ಟರ್ ಒಬ್ಬರು ಬೆರಳ ಗೆಣ್ಣಿಗೆ ಹೊಡೆದು ಕಲಿಸಿದ್ದರು. ಸಂಜೆ ಅಡುಗೆಮನೆಯ ಮೇಜಿನ ಮೇಲೆ ಅವರ ಕರಡು, ನನ್ನ ಪೆನ್ಸಿಲ್, ಒಲೆಯ ಮೇಲೆ ಹಾಲು. ಆಕೆ ಬಂದ ವಾರಕ್ಕೆ ಅವರು ನಗುತ್ತ, "ಇನ್ನ ನೀ ಆರಾಮ ಇರು. ಆಕಿ ಭಾಳ ಛಲೋ ಬರೀತಾಳ" ಎಂದರು. ನಾನು ಆರಾಮ ಇದ್ದೆ. ಎರಡು ವರ್ಷ ಆ ಆರಾಮವನ್ನು ಅನುಭವಿಸಿದೆ.

ಆ ದಿನ ಮಧ್ಯಾಹ್ನ ನಾಲ್ಕಕ್ಕೆ ಇಳಕಲ್ಲಿನಲ್ಲಿ ಸಭೆಯಿತ್ತು. ಅಲ್ಲಿನ ಒಂದು ಟ್ರಸ್ಟಿನವರು ಹುನಗುಂದದ ಆಚೆ ರಸ್ತೆ ಬದಿಯ ಹೊಲದಲ್ಲಿ ಅರವತ್ತು ಹಾಸಿಗೆಯ ದವಾಖಾನೆ ಕಟ್ಟುವ ಯೋಚನೆಯಲ್ಲಿದ್ದರು. ಇನ್ನೂ ಯೋಚನೆ ಮಾತ್ರ. ಬೆಂಗಳೂರಿನ ವಾಸ್ತುಶಿಲ್ಪಿ ಕಳಿಸಿದ ನಾಲ್ಕು ಹಾಳೆ ರೇಖಾಚಿತ್ರ ಬಿಟ್ಟರೆ ನಕ್ಷೆ ಇಲ್ಲ, ಮಣ್ಣಿನ ಪರೀಕ್ಷೆ ಆಗಿಲ್ಲ. ಅಂಥ ಹೊತ್ತಿನಲ್ಲೂ ದಾನಿಗಳು ಕೇಳುವುದು ಒಂದೇ: ಎಷ್ಟಾಗುತ್ತದೆ? ಆ ಅಂಕಿಯ ಜೊತೆ ಒಂದು ಕಾಗದ ಹೋಗಬೇಕು. ಆಫೀಸಿನಲ್ಲಿ ಅದಕ್ಕೆ 'ಬೇಸಿಸ್ ಆಫ್ ಎಸ್ಟಿಮೇಟ್' ಎನ್ನುತ್ತಾರೆ. ನಮ್ಮ ಮನೆಯಲ್ಲಿ ಅದರ ಮೂರು ಭಾಗಕ್ಕೆ ಮೂರು ಹೆಸರಿದ್ದವು: ಹಿಡಿದದ್ದು, ಬಿಟ್ಟದ್ದು, ಕಾದಿಟ್ಟದ್ದು. ಏನೇನು ಹೀಗೇ ಇದೆ ಎಂದು ಹಿಡಿದುಕೊಂಡು ಲೆಕ್ಕ ಹಾಕಿದೆವು, ಏನೇನು ಈ ಅಂಕಿಯೊಳಗೆ ಸೇರಿಲ್ಲ, ಗೊತ್ತಿಲ್ಲದ್ದಕ್ಕೆ ಎಷ್ಟು ಕಾದಿಟ್ಟಿದ್ದೇವೆ. ಆ ಹೆಸರುಗಳನ್ನು ಇಟ್ಟವಳು ನಾನು. ಮುಂದಿನ ಕೋಣೆಯಲ್ಲಿ ಆಕೆ ಫೋನಿನಲ್ಲಿ, "ಸರ್, ಬಿಟ್ಟದ್ದರ ಪಟ್ಟಿ ಮೇಲ್ ಮಾಡೇನ್ರಿ" ಅನ್ನುವುದು ಕೇಳಿದಾಗೆಲ್ಲ ನನ್ನ ಸೀರೆಯನ್ನು ಇನ್ನೊಬ್ಬರು ಉಟ್ಟುಕೊಂಡು ಓಡಾಡಿದ ಹಾಗೆ ಆಗುತ್ತಿತ್ತು.

"ಟ್ರಸ್ಟಿನ ಅಧ್ಯಕ್ಷರ ಮನಿಯಾಗ ಊಟಕ್ಕ ಹೇಳ್ಯಾರ, ನೀನೂ ಬಾ" ಎಂದು ಯಜಮಾನರು ಹಿಂದಿನ ದಿನವೇ ಹೇಳಿದ್ದರು. ಅವರು ಸ್ನಾನಕ್ಕೆ ಹೋದಾಗ ಊಟದ ಮೇಜಿನ ಮೇಲೆ ಆ ಕಾಗದದ ಒಂದು ಪ್ರತಿ ಬಿದ್ದಿತ್ತು. ಮೂರು ದಿನದ ಹಿಂದೆಯೇ ಟ್ರಸ್ಟಿಗೆ ಕಳಿಸಿ ಆಗಿದ್ದ ಪ್ರತಿ. ನಾನು ಕೂತು ಓದಿದೆ. ಏಕೆ ಓದಿದೆ ಎಂದು ಈಗ ಮುಚ್ಚಿಡುವುದೇನು, ತಪ್ಪು ಹುಡುಕುವುದಕ್ಕೇ ಓದಿದೆ.

ಮೊದಲ ಎರಡು ಪುಟದಲ್ಲಿ ಏನೂ ಸಿಗಲಿಲ್ಲ. ಒಂದು ಹಾಸಿಗೆಗೆ ಏಳುನೂರೈವತ್ತು ಚದರ ಅಡಿ ಕಟ್ಟಡ ಎಂದು ಹಿಡಿದಿದ್ದಳು, ಒಟ್ಟು ನಲವತ್ತೈದು ಸಾವಿರ. ಎರೆಮಣ್ಣು ಆರು ಅಡಿ, ಅದರ ಕೆಳಗೆ ಗಟ್ಟಿ ಗರಸು, ಪಾಯ ಅಲ್ಲಿಗೆ ಇಳಿಯುತ್ತದೆ, ಮಣ್ಣಿನ ಪರೀಕ್ಷೆಯಿಂದ ಖಚಿತವಾಗಬೇಕು. ಹಾಸಿಗೆಯೊಂದಕ್ಕೆ ದಿನಕ್ಕೆ ಮುನ್ನೂರ ನಲವತ್ತು ಲೀಟರ್ ನೀರು. ಬರವಣಿಗೆ ಅಚ್ಚುಕಟ್ಟಾಗಿತ್ತು. ನನಗಿಂತ ಚೆನ್ನಾಗಿತ್ತು ಎನ್ನಲಾರೆ, ನನ್ನಷ್ಟೇ ಇತ್ತು. ಅದು ಇನ್ನೂ ಕೆಟ್ಟದ್ದು.

ಮೂರನೆಯ ಪುಟ, ಬಿಟ್ಟದ್ದು. ಜಾಗದ ಬೆಲೆ, ವೈದ್ಯಕೀಯ ಯಂತ್ರಗಳು, ಮಂಚ ಕುರ್ಚಿ, ತೆರಿಗೆ, ಮುಂದೆ ಆಗುವ ದರ ಏರಿಕೆ. ಒಂಬತ್ತನೆಯ ಸಾಲಿಗೆ ಬಂದಾಗ ನನ್ನ ಕೈ ನಿಂತಿತು. ಇಂಗ್ಲಿಷಿನಲ್ಲಿದ್ದ ಅದರ ಅರ್ಥ ಇಷ್ಟು: ಹೊಲಸು ನೀರನ್ನು ಆವರಣದಲ್ಲಿ ಈಗಾಗಲೇ ಇರುವ ಒಳಚರಂಡಿಗೆ ಸೇರಿಸಲಾಗುವುದು ಎಂದು ಹಿಡಿದಿರುವುದರಿಂದ ಅದರ ಶುದ್ಧೀಕರಣ ಈ ಅಂದಾಜಿನಲ್ಲಿ ಇಲ್ಲ.

ಆ ವಾಕ್ಯ ನನ್ನದು. ಬಾದಾಮಿಯಲ್ಲಿ ಒಂದು ಕಾಲೇಜಿನ ಆವರಣದೊಳಗೆ ವಸತಿನಿಲಯ ಕಟ್ಟಿದಾಗ ಬರೆದದ್ದು. ಮೂರು ಸಲ ಹೊಡೆದು ಹಾಕಿ ನಾಲ್ಕನೆಯ ಸಲಕ್ಕೆ ಕೂತಿತ್ತು, ಅಷ್ಟರಲ್ಲಿ ಹಾಲು ಉಕ್ಕಿತ್ತು, ಅದಕ್ಕೇ ನೆನಪು. ಬಾದಾಮಿಯಲ್ಲಿ ಅದು ಖರೆ. ಅಲ್ಲಿ ಹಳೆಯ ಕಟ್ಟಡಗಳಿದ್ದವು, ಚರಂಡಿಯಿತ್ತು. ಹುನಗುಂದದ ಹೊಲದಲ್ಲಿ ಯಾವ ಚರಂಡಿ? ಎರಡನೆಯ ಪುಟದಲ್ಲಿ ದಿನಕ್ಕೆ ಇಪ್ಪತ್ತು ಸಾವಿರ ಲೀಟರ್ ನೀರು ಒಳಗೆ ಬರುತ್ತದೆ, ಮೂರನೆಯ ಪುಟದಲ್ಲಿ ಅದು ಇಲ್ಲದ ಚರಂಡಿಗೆ ಹೋಗುತ್ತದೆ. ಹಳೆಯ ಕಡತದ ಪಟ್ಟಿಯನ್ನು ಹಾಗೇ ಎತ್ತಿಕೊಂಡಿದ್ದಳು. ಓದಲು ಎಷ್ಟು ನುಣುಪಾಗಿತ್ತೆಂದರೆ ಯಜಮಾನರ ಕಣ್ಣೂ ಜಾರಿಹೋಗಿತ್ತು.

ನಾನು ಪ್ರತಿಯನ್ನು ಇದ್ದ ಹಾಗೆ ಇಟ್ಟೆ. ಸಭೆಯಲ್ಲಿ ಯಾರಾದರೂ ಹಿಡಿಯಲಿ ಎಂದುಕೊಂಡೆ. ಭಾಳ ಛಲೋ ಬರೆಯುವಾಕೆ ಎಲ್ಲರ ಮುಂದೆ ತೊದಲಲಿ. ಯಜಮಾನರ ಹೆಸರೂ ಕೆಡುತ್ತದೆ ಎಂಬುದು ಹೊಳೆಯಿತು. ಹೊಳೆದರೂ ಸುಮ್ಮನೆ ಹೋಗಿ ಮುಡಿಗೆ ಮಲ್ಲಿಗೆ ಏರಿಸಿಕೊಂಡೆ.

ಹತ್ತೂವರೆಗೆ ಹೊರಟೆವು. "ಮೇಡಂ, ನೀವು ಮುಂದ ಕೂಡ್ರಿ" ಎಂದಳು. "ಬ್ಯಾಡ, ಆಕಿ ಲ್ಯಾಪ್‌ಟಾಪ್ ತಗದು ನನಗ ದರ ಓದಿ ಹೇಳಬೇಕಾಗತೈತಿ" ಎಂದು ಯಜಮಾನರು ಮುಂದಿನ ಬಾಗಿಲು ಆಕೆಗೆ ತೆಗೆದರು. ನಾನು ಹಿಂದೆ, ಕಡತದ ಪೆಟ್ಟಿಗೆಯ ಜೊತೆ. ಅಮೀನಗಡದವರೆಗೆ ಅವರ ಮಾತು ಕೇಳಿದೆ. ಕಬ್ಬಿಣದ ದರ, ಲಿಫ್ಟಿನ ದರ, ಆಮ್ಲಜನಕದ ಕೊಳವೆ ಹಿಡಿದದ್ದರಲ್ಲೋ ಬಿಟ್ಟದ್ದರಲ್ಲೋ. ಅವರು ಏನೋ ಹೇಳುವ ಮೊದಲೇ ಆಕೆ ಮುಗಿಸುತ್ತಿದ್ದಳು. ಆಕೆಯ ಜಡೆ ಸೀಟಿನ ಸಂದಿಯಿಂದ ನನ್ನ ಮೊಣಕಾಲಿಗೆ ತಾಗುತ್ತಿತ್ತು. ಅವರು ಅಮೀನಗಡದಲ್ಲಿ ಕರದಂಟು ಕೊಂಡು ಮೊದಲ ತುಂಡನ್ನು ಯಾರಿಗೆ ಕೊಡುತ್ತಾರೆ ಎಂದು ನೋಡಿದೆ. ನನಗೇ ಕೊಟ್ಟರು. ದೊಡ್ಡ ತುಂಡು ಆಕೆಗೆ ಹೋಯಿತು.

ಹುನಗುಂದ ದಾಟಿ ಜಾಗ ನೋಡಲು ಇಳಿದೆವು. ಕಡಲೆ ಕಿತ್ತ ಹೊಲ. ಎರೆ ಬಿರಿದು ಅಂಗೈ ಹೋಗುವಷ್ಟು ಬಿರುಕು. ದೂರಕ್ಕೆ ಒಂದು ಹಳ್ಳ, ಅದರ ದಂಡೆಯಲ್ಲಿ ಜಾಲಿ. ಅಧ್ಯಕ್ಷರು ನೆಡಿಸಿದ ಹಳದಿ ಬಣ್ಣದ ನಾಲ್ಕು ಗೂಟ ಬಿಟ್ಟರೆ ಮನುಷ್ಯನ ಗುರುತಿಲ್ಲ. ಹಳ್ಳದ ಆಚೆ ಇಬ್ಬರು ಹೆಣ್ಣುಮಕ್ಕಳು ಬಟ್ಟೆ ಒಗೆದು ಗಿಡದ ಮೇಲೆ ಹರವುತ್ತಿದ್ದರು. ಅರವತ್ತು ಹಾಸಿಗೆಯ ನೀರು ಹೋಗುವುದಾದರೆ ಅಲ್ಲಿಗೇ ಹೋಗುತ್ತದೆ.

ಯಜಮಾನರು ಗೂಟ ಎಣಿಸುತ್ತ ಮುಂದೆ ಹೋಗಿದ್ದರು. ನಾನು ಆಕೆಯ ಬಳಿ ನಿಂತು, ಸಿಹಿಯಾಗಿಯೇ ಕೇಳಿದೆ. ಆ ಸಿಹಿಯಲ್ಲಿ ಮುಳ್ಳಿತ್ತು, ಇಲ್ಲವೆನ್ನುವುದಿಲ್ಲ.

"ಇಲ್ಲಿ ಮೊದಲಿಂದ ಇರೋ ಒಳಚರಂಡಿ ಯಾವ ಕಡಿ ಐತವಾ?"

ಆಕೆ ಹೊಲ ನೋಡಿದಳು. ನನ್ನನ್ನು ನೋಡಿದಳು. ಚೀಲದಿಂದ ಪ್ರತಿ ತೆಗೆದು ಒಂಬತ್ತನೆಯ ಸಾಲಿನ ಮೇಲೆ ಬೆರಳಿಟ್ಟಳು.

"ಅಯ್ಯೋ ಮೇಡಂ. ಇದು ಬಾದಾಮಿ ಹಾಸ್ಟೆಲಿನ ಫೈಲಿನಾಗಿಂದು. ಅಷ್ಟ ಛಂದ ಬರದಿದ್ದಕ್ಕ ನಾ ಅದನ್ನ ಮುಟ್ಟಲೇ ಇಲ್ರಿ. ಸರ್ ಬರದದ್ದು, ತಪ್ಪಿರಾಂಗಿಲ್ಲ ಅನ್ಕೊಂಡೆ. ನಾ ಬರಿಯೂದು ಕಲ್ತದ್ದ ಸರ್‌ರ ಹಳೇ ಫೈಲ್ ಓದಿ ಓದಿ."

ಸರ್ ಬರೆದದ್ದು. ನಾನು ಯಜಮಾನರ ಬೆನ್ನು ನೋಡಿದೆ. ಅವು ನನ್ನ ವಾಕ್ಯ ಎಂದು ಎರಡು ವರ್ಷದಲ್ಲಿ ಆಕೆಗೆ ಒಂದು ಸಲವೂ ಹೇಳಿಲ್ಲ.

ಅವರು ಹಿಂದಿರುಗಿ ಬಂದಾಗ ಆಕೆಯೇ ಹೇಳಿದಳು. ಅವರು ಹಣೆ ಒರೆಸಿಕೊಂಡು ಆ ಸಾಲು ಓದಿದರು. ಆಮೇಲೆ ಅಂದರು:

"ಕಾಪಿ ಹೋಗ್ಯಾವ. ಈಗ ಬದಲ ಮಾಡಿದ್ರ ಸಭೆದಾಗ ಮಾನ ಹೋಗತೈತಿ. ಕಾದಿಟ್ಟದ್ದು ನೂರಕ್ಕ ಹದಿನೈದು ಐತೆಲ್ಲ, ಅದರಾಗ ಹೊಂದತೈತಿ ಬಿಡು. ಮುಂದಿನ ಹಂತದಾಗ ತೋರಸೂಣು."

"ಹಂಗ ಬರಾಂಗಿಲ್ರಿ ಸರ್."

"ಯಾಕ ಬರಾಂಗಿಲ್ಲ?"

"ಕಾದಿಟ್ಟದ್ದು ಇರೂದು, ಒಳಗ ಹಿಡದದ್ದು ನಾವು ತಿಳಿದದ್ದಕ್ಕಿಂತ ಹೆಚ್ಚಾದ್ರ ಅಂತ. ಎರಿ ಆರಡಿ ಅಂದೇವಿ, ಎಂಟಾತು, ಅದಕ್ಕ. ನಕ್ಷಾ ಬೆಳದಾಗ ಗೋಡಿ ಒಂದೆರಡು ಹೆಚ್ಚಾದುವು, ಅದಕ್ಕ. ಇದು ಬೇಕ ಬೇಕು ಅಂತ ಈಗ ಗೊತ್ತಾಗೇತಿ. ಗೊತ್ತಿದ್ದದ್ದನ್ನ ಅದರಾಗ ಮುಚ್ಚಿಟ್ರ, ನಾಳೆ ಖರೇನ ಎರಿ ಎಂಟಡಿ ಬಂದಾಗ ಏನ್ ತಗೀತೀರಿ?" ಆಕೆಯ ದನಿ ನಡುಗುತ್ತಿತ್ತು. ಆದರೂ ನಿಲ್ಲಿಸಲಿಲ್ಲ. "ಮ್ಯಾಲೆ 'ಬಿಟ್ಟದ್ದು' ಅಂತ ಬರದು, ಒಳಗ ರೊಕ್ಕ ಇಟ್ಟೇವಿ ಅಂದ್ರ ಅದು ಸುಳ್ಳ ಆಗತೈತ್ರಿ."

ಯಜಮಾನರಿಗೆ ಹೀಗೆ ಎದುರು ನಿಂತು ಮಾತಾಡುವುದು ನನ್ನಿಂದ ಇಪ್ಪತ್ತು ವರ್ಷದಲ್ಲಿ ಆಗಿರಲಿಲ್ಲ. ಹದಿನಾರು ವರ್ಷ ವಾಕ್ಯ ತಿದ್ದಿದೆ, ಮಾತು ತಿದ್ದಲಿಲ್ಲ. ಆಕೆ ತನ್ನದೇ ತಪ್ಪಿನ ನಡುವೆ ನಿಂತು ತಿದ್ದುತ್ತಿದ್ದಳು. ಬೆಳಗಿನ ಹೊಟ್ಟೆಯುರಿ ಇದರ ಮುಂದೆ ಏನೂ ಅಲ್ಲ. ಅವರು ನನ್ನ ಕಡೆ ತಿರುಗಿ, "ನೋಡ ಈಕಿನ್ನ" ಎಂಬಂತೆ ಹುಬ್ಬೇರಿಸಿದರು, ನಾನು ತಮ್ಮ ಕಡೆ ಎಂಬ ನಂಬಿಕೆಯಿಂದ. ಒಂದು ಮಾತು ಸಾಕಿತ್ತು. ಆಕೆಯ ಬಾಯಿ ಮುಚ್ಚುತ್ತಿತ್ತು.

ಹಳ್ಳದ ಆಚೆ ಒಬ್ಬಳು ಸೀರೆ ಜಾಡಿಸಿದಳು. ಸದ್ದು ನಮ್ಮವರೆಗೆ ಬಂತು.

"ಆಕಿ ಹೇಳೂದು ಬರೋಬ್ಬರಿ ಐತ್ರಿ" ಎಂದೆ.

ಅವರು ನಮ್ಮಿಬ್ಬರನ್ನೂ ನೋಡಿ, "ಮುಗೀತು. ಎರಡು ಒಂದಾದ್ವು" ಎಂದು ಕಾರಿನ ಕಡೆ ನಡೆದರು.

ಈ ಸಲ ಆಕೆ ಲ್ಯಾಪ್‌ಟಾಪ್ ಹಿಡಿದು ಹಿಂದೆ ನನ್ನ ಪಕ್ಕಕ್ಕೇ ಬಂದು ಕೂತಳು. ಮುಂದಿನ ಸೀಟು ಖಾಲಿ. "ನಾ ಏನ್ ಡ್ರೈವರ್ ಏನು?" ಎಂದು ಯಜಮಾನರು ಗೊಣಗಿದರೂ ಹುನಗುಂದದ ಝೆರಾಕ್ಸ್ ಅಂಗಡಿಯ ಕಡೆ ಕಾರು ತಿರುಗಿಸಿದರು. ಒಂಬತ್ತನೆಯ ಸಾಲು ಬಿಟ್ಟದ್ದರ ಪಟ್ಟಿಯಿಂದ ಹೋಯಿತು. ಶುದ್ಧೀಕರಣ ಘಟಕಕ್ಕೆ ಸದ್ಯಕ್ಕೆ ಇಷ್ಟು ಎಂದು ಇಡಿಗಂಟಾಗಿ ಒಂದು ಮೊತ್ತ ಅಂದಾಜಿನೊಳಗೆ ಬಂತು. ಯಜಮಾನರು ಅಂಗಡಿಯ ಬಾಗಿಲಲ್ಲಿ ನಿಂತು ಹಿಂದೆ ಮಾಡಿದ ಎರಡು ದವಾಖಾನೆಯ ಲೆಕ್ಕ ನೆನೆದು ಆ ಮೊತ್ತ ಹೇಳಿದರು. ಒಳಗಿನ ಮೊತ್ತ ಹೆಚ್ಚಾದ್ದರಿಂದ ಅದರ ನೂರಕ್ಕೆ ಹದಿನೈದೂ ಹೆಚ್ಚಾಯಿತು. ಹಿಡಿದದ್ದರಲ್ಲಿ ಒಂದು ಹೊಸ ಸಾಲು ಬೇಕಾಯಿತು.

"ಮೇಡಂ, ಇದನ್ನ ಹೆಂಗ ಬರೀಲಿ?" ಎಂದು ಕೇಳಿದಳು.

ನಾನು ಹೇಳಿದೆ. ಆವರಣದಲ್ಲಿ ಚರಂಡಿ ಇಲ್ಲ, ನೀರನ್ನು ಅಲ್ಲೇ ಶುದ್ಧ ಮಾಡಿ ಗಿಡಗಳಿಗೆ ಬಳಸಲಾಗುವುದು, ಘಟಕದ ಅಳತೆ ಮುಂದಿನ ಹಂತದಲ್ಲಿ ಖಚಿತವಾಗಬೇಕು. ಒಂದೊಂದೇ ಮಾತು ಹೇಳುವ ಮೂರು ವಾಕ್ಯ. ಆಕೆಯ ಬೆರಳು ನನ್ನ ಬಾಯಿಗಿಂತ ಮುಂದೆ ಓಡುತ್ತಿದ್ದವು. ಕಾರಿನಲ್ಲಿ ಯಜಮಾನರಿಗೆ ಮಾಡಿದ ಹಾಗೆಯೇ, ಮೂರನೆಯ ವಾಕ್ಯವನ್ನು ನಾನು ಹೇಳುವ ಮೊದಲೇ ಮುಗಿಸಿಬಿಟ್ಟಳು. ನಾನು ಬರೆಯುತ್ತಿದ್ದ ಹಾಗೇ ಮುಗಿಸಿದಳು.

ಮೊದಲ ಪುಟದಲ್ಲಿ ತಿದ್ದುಪಡಿಯ ಒಂದು ಸಣ್ಣ ಚೌಕವಿರುತ್ತದೆ: ಏನು ಬದಲಾಯಿತು, ಬರೆದವರು ಯಾರು, ಪರಿಶೀಲಿಸಿದವರು ಯಾರು.

"ಸರ್, ಚೆಕ್ ಮಾಡಿದ್ದು ಯಾರ ಹೆಸರು ಹಾಕ್ಲಿ?"

"ನಂದ ಹಾಕು. ಮತ್ತ್ಯಾರದು ಹಾಕ್ತಿ?"

ಆಕೆ ನನ್ನ ಮುಖ ನೋಡಿದಳು. ನಾನು ಝೆರಾಕ್ಸ್ ಯಂತ್ರದ ಹಸಿರು ಬೆಳಕು ನೋಡುತ್ತ ನಿಂತೆ.

ಇಳಕಲ್ಲಿನಲ್ಲಿ ಅಧ್ಯಕ್ಷರದು ಸೀರೆ ವ್ಯಾಪಾರ. ಅಂಗಡಿಯ ಮೇಲಿನ ಮನೆಯಲ್ಲಿ ಊಟ. ಊಟವಾಗಿ, ಪಕ್ಕದ ಅಟ್ಟದಲ್ಲಿ ಗಾದಿ ಹಾಸಿ ಸಭೆ. ಎಂಟು ಜನ, ಅದರಲ್ಲಿ ನಿವೃತ್ತ ಡಾಕ್ಟರ್ ಒಬ್ಬರು. ನಾನು ಅಧ್ಯಕ್ಷರ ಹೆಂಡತಿಯ ಜೊತೆ ಬಾಗಿಲ ಹತ್ತಿರ ಕೂತೆ. ಹೊಸ ಪ್ರತಿ ಹಂಚಿ ಆಕೆ ವಿವರಿಸತೊಡಗಿದಳು. ಅಧ್ಯಕ್ಷರು ಕನ್ನಡಕ ಹಣೆಗೇರಿಸಿ ತಡೆದರು.

"ತಂಗೀ, ಇದು ಹದಿನೈದು ಅಂತ ಐತಲ್ಲ, ಇದು ನಿಮ್ಮ ಕಮಿಷನ್ನಾ?"

ಎಲ್ಲರೂ ನಕ್ಕರು. ಆಕೆಯೂ ನಕ್ಕಳು. "ಅಲ್ರಿ ಕಾಕಾರ. ಸೀರಿ ನೇಯಾಕ ನೂಲು ಕೊಡುವಾಗ ನೀವು ಅಳತಿ ಮ್ಯಾಲೆ ಸ್ವಲ್ಪ ಹೆಚ್ಚಿಗಿ ಕೊಡ್ತೀರಿಲ್ಲೋ? ಎಳಿ ಹರೀತಾವು ಅಂತ. ಅದನ್ನ ತಗೊಂಡು ಇನ್ನೊಂದು ಸೀರಿ ನೇಯಿ ಅಂದ್ರ ಆಗತೈತೇನು?"

"ನಾ ಅದನ್ನ ಕೇಳಾಂವ ಇದ್ದೆ" ಎಂದರು ಅಧ್ಯಕ್ಷರು. "ಪೇಷಂಟ್ ಸಂಗಡ ಬಂದ ಮಂದಿಗೆ ಒಂದು ತಂಗು ಶೆಡ್ಡು, ಈ ಹದಿನೈದರಾಗ ಮಾಡಿಬಿಡೂಣು ಅಂತ."

"ಅದು ಬಿಟ್ಟದ್ದರ ಪಟ್ಟಿಯೊಳಗ ಐತ್ರಿ. ಬೇಕಂದ್ರ ಹೇಳ್ರಿ, ಒಳಗ ಸೇರಿಸಿ ಲೆಕ್ಕ ಬ್ಯಾರೆ ಮಾಡಿ ಕೊಡ್ತೇವಿ."

ಡಾಕ್ಟರ್ ಎರಡೂ ಪ್ರತಿಗಳನ್ನು ಪಕ್ಕಪಕ್ಕಕ್ಕೆ ಇಟ್ಟುಕೊಂಡಿದ್ದರು. "ಮೊನ್ನಿಂದಕ್ಕೂ ಇವತ್ತಿಂದಕ್ಕೂ ಒಟ್ಟು ಬ್ಯಾರೆ ಆಗೇತಿ. ಯಾಕ?"

ಯಜಮಾನರು ಗಂಟಲು ಸರಿಮಾಡಿಕೊಂಡರು. "ನಮ್ಮ ಆಫೀಸಿಂದ ಒಂದು ಚೂರು ನಜರ್ ತಪ್ಪಿತ್ತು."

"ನನ್ನ ತಪ್ಪ್ರಿ" ಎಂದಳು ಆಕೆ. "ಹಳೇ ಕಡತದಾಗಿನ ಸಾಲು ಹಂಗ ಇಟ್ಟಿದ್ದೆ, ಹೊಲಸು ನೀರಿಂದು. ಮೇಡಂ ಹಿಡದ್ರು."

ಎಂಟು ಮುಖಗಳು ಬಾಗಿಲ ಕಡೆ ತಿರುಗಿದವು. "ಹೌದೇನ್ರಿ? ನೀವೂ ಇಂಜಿನಿಯರ್ ಏನ್ರಿ ಅಕ್ಕಾರ?" ಎಂದು ಡಾಕ್ಟರ್ ಕೇಳಿದರು.

ನಾನು ಬಾಯಿ ತೆರೆಯುವುದರೊಳಗೆ ಯಜಮಾನರು, "ಇಲ್ರಿ ಇಲ್ಲ, ಮನ್ಯಾಗ ಇರ್ತಾರ" ಎಂದರು, ಕೆಟ್ಟ ಉದ್ದೇಶವೇನೂ ಇಲ್ಲದೆ. ಡಾಕ್ಟರ್ ತಲೆಯಾಡಿಸಿ, "ಛಲೋ ಆತು. ಅಲ್ಲಾ, ಆ ಹಳ್ಳದ ನೀರು ಊರ ಮಂದಿ ಬಳಸ್ತಾರ" ಎಂದು ಮುಂದಿನ ಪುಟ ತಿರುವಿದರು. ಅಂದಾಜನ್ನು ಒಪ್ಪಿಕೊಂಡರು, ಮಣ್ಣಿನ ಪರೀಕ್ಷೆ ಮಾಡಿಸಲು ಹೇಳಿದರು, ತಂಗುವ ಶೆಡ್ಡನ್ನು ಸೇರಿಸಿ ಇನ್ನೊಂದು ಲೆಕ್ಕ ಕೇಳಿದರು. ಕಾಗದದ ವಾಕ್ಯಗಳು ಯಾರವೆಂದು ಯಾರೂ ಕೇಳಲಿಲ್ಲ. ಆಕೆ ತನ್ನ ತಪ್ಪನ್ನು ಎಷ್ಟು ಸಲೀಸಾಗಿ ತನ್ನದೆಂದಳು! ನನ್ನ ಒಳ್ಳೆಯದನ್ನೂ ನನ್ನದೆನ್ನಲು ನನಗೆ ಬಾಯಿ ಬಂದಿರಲಿಲ್ಲ.

ವಾಪಸು ಬರುವ ದಾರಿಯಲ್ಲಿ ಆಕೆ ಹಿಂದೆ ಕೂತು ಚೀಲಕ್ಕೆ ತಲೆಯಾನಿಸಿ ನಿದ್ದೆ ಹೋದಳು. ನಾನು ಮುಂದೆ ಇದ್ದೆ. "ಭಾಳ ಶಾಣೇ ಹುಡುಗಿ" ಎಂದರು ಯಜಮಾನರು. "ಹೂಂ" ಎಂದೆ. ಅಮೀನಗಡ ದಾಟಿದ ಮೇಲೆ, "ಬಾದಾಮಿ ಫೈಲಿನ ಆ ಸಾಲು ನಂದು, ಆಕಿಗೆ ಹೇಳ್ರಿ" ಎಂದೆ. "ಆಕಿಗೆ ಗೊತ್ತೈತಿ ಅನ್ಕೊಂಡಿದ್ದೆ" ಎಂದರು. ಕನ್ನಡಿಯಲ್ಲಿ ನೋಡಿದೆ. ಆಕೆಯ ಕಣ್ಣು ಮುಚ್ಚಿದ್ದವು. ನಿದ್ದೆಯೋ ಅಲ್ಲವೋ ನನಗೆ ತಿಳಿಯಲಿಲ್ಲ.

ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಸ್ಕೂಟಿ ತೆಗೆಯುವ ಮುಂಚೆ ಆಕೆ ಗೇಟಿನ ಬಳಿ ನಿಂತು ಬೆಂಗಳೂರಿನ ವಾಸ್ತುಶಿಲ್ಪಿಗೆ ಫೋನ್ ಮಾಡಿ ಬದಲಾದದ್ದನ್ನು ಇಂಗ್ಲಿಷಿನಲ್ಲಿ ಹೇಳಿದಳು, ಬಿಡಿಸಿ, ನಿಧಾನವಾಗಿ, ಒಂದೊಂದೇ ವಾಕ್ಯ. ಆಮೇಲೆ ಏನೋ ಹೇಳಬೇಕೆಂಬಂತೆ ನನ್ನ ಮುಂದೆ ನಿಂತು, "ನಾಳೆ ಬರ್ತೇನ್ರಿ ಮೇಡಂ" ಎಂದಷ್ಟೇ ಹೇಳಿ ಹೋದಳು. ನಾನು ತುಳಸಿಗೆ ದೀಪವಿಟ್ಟು ನಿಂತಿದ್ದಾಗ ಪಕ್ಕದ ಮನೆಯಾಕೆ ಕಂಪೌಂಡಿನ ಮೇಲಿಂದ ಬಟ್ಟಲು ಚಾಚಿದಳು.

"ಅಕ್ಕಾರ, ಹೆಪ್ಪಿಗೆ ಒಂದ್ ಚಮಚಾ ಮೊಸರ ಕೊಡ್ರಿ. ಈಗ ಗೇಟಿನಾಗ ಇಂಗ್ಲಿಷ್ ಮಾತಾಡಿದಾಕಿ ಆ ಹುಡುಗಿ ಏನು? ನಾ ಒಳಗಿಂದ ಕೇಳಿ ನೀವ ಅನ್ಕೊಂಡೆ ನೋಡ್ರಿ!"